ಮರೆಗುಳಿ ಮಾವನ ಮೇಲೆ ಐದು ಸಾಲು

ಅಜ್ಜಿಗೆ 80 ತುಂಬಿದ್ದಕ್ಕೆ ಮೇ ತಿಂಗಳಲ್ಲಿ ಅರಸೀಕೆರೆ ಹತ್ತಿರದ ನಮ್ಮ ಅಜ್ಜಿ ಮನೆಯಲ್ಲಿ ಎಲ್ಲರೂ ಸೇರುವುದು ಅಂತ ಆಯಿತು. ಮಧ್ಯಾಹ್ನ ಊಟ, ಸಂಜೆ ಮಕ್ಕಳದ್ದೊಂದು ಸ್ಕಿಟ್. ಮೂರು ದೃಶ್ಯ. ಮೂರರಲ್ಲೂ ದೊಡ್ಡ ಮಾವನೇ ಹೀರೋ. ಯಾಕೆಂದರೆ ನಮ್ಮ ಮನೆಯ ಹಾಸ್ಯವೆಲ್ಲ ಅವರ ಮರೆವಿನಿಂದಲೇ ಹುಟ್ಟಿದ್ದು. ಒಂದು ದೃಶ್ಯ ಮುಗಿದು ಇನ್ನೊಂದಕ್ಕೆ ಕುರ್ಚಿ, ಚೀಲ ಎಲ್ಲ ಎಳೆದು ಇಡಬೇಕಲ್ಲ, ಆ ಹೊತ್ತಿನಲ್ಲಿ ಹೇಳೋದಕ್ಕೆ ಏನಾದರೂ ಬೇಕಿತ್ತು. "ನೀನು ಕಾಲೇಜಲ್ಲಿ ಚುಟುಕ ಬರೀತಿದ್ದೆ ಅಲ್ವಾ ಅಕ್ಕಾ, ಲಿಮರಿಕ್ ಬರಿ. ಐದೇ ಸಾಲು" ಅಂದ ಚಿಕ್ಕಮ್ಮನ ಮಗ. ಐದೇ ಸಾಲು ಅಂತ ನಾನೂ ಒಪ್ಪಿಕೊಂಡೆ. ಅದಕ್ಕೆ ಮೂರು ವಾರ ಹಿಡಿಯಿತು.

ಲಿಮರಿಕ್ ಅನ್ನುವುದು ಐರ್ಲೆಂಡಿನ ಒಂದು ಊರಿನ ಹೆಸರು. ಇಂಗ್ಲಿಷಿನಲ್ಲಿ ಈ ಪದ್ಯಗಳನ್ನು ಜನಪ್ರಿಯ ಮಾಡಿದವರು ಎಡ್ವರ್ಡ್ ಲಿಯರ್. ಇಂಥ ಪದ್ಯಗಳ ಅವರ ಮೊದಲ ಪುಸ್ತಕ ಬಂದದ್ದು 1846ರಲ್ಲಿ. ಐದು ಸಾಲಿನಲ್ಲಿ ಒಂದು, ಎರಡು, ಐದನೇ ಸಾಲು ಉದ್ದ, ಮೂರಕ್ಕೂ ಒಂದೇ ಪ್ರಾಸ. ನಡುವಿನ ಮೂರು ಮತ್ತು ನಾಲ್ಕನೇ ಸಾಲು ಗಿಡ್ಡ, ಅವೆರಡಕ್ಕೆ ಬೇರೆ ಪ್ರಾಸ. ಸಾಮಾನ್ಯವಾಗಿ ಮೊದಲ ಸಾಲಿನಲ್ಲಿ ಒಬ್ಬ ಮನುಷ್ಯ ಮತ್ತು ಒಂದು ಊರು. ಇಷ್ಟು ಗೊತ್ತಿತ್ತು. ಊರು ಇದೆ, ಮನುಷ್ಯ ಇದ್ದಾರೆ, ಇನ್ನೇನು ಬೇಕು ಅಂದುಕೊಂಡು ಮೊದಲ ರಾತ್ರಿಯೇ ಇದನ್ನು ಬರೆದೆ:

ಅರಸೀಕೆರೆಯಲ್ಲಿ ಮಾವ ಇದ್ದರು,
ಕನ್ನಡಕವನ್ನು ತಲೆಯ ಮೇಲೆ ಇಟ್ಟರು,
ಮನೆಯೆಲ್ಲ ಹುಡುಕಿದರು,
ಮಂಚವನ್ನೂ ಕೆದಕಿದರು,
ಕೊನೆಗೆ ತಲೆ ಮುಟ್ಟಿ ನಕ್ಕುಬಿಟ್ಟರು.

ಬೆಳಿಗ್ಗೆ ಎದ್ದು ಓದಿದರೆ ನನಗೇ ಬೇಜಾರು. ಪ್ರಾಸ ಇದೆ, ಆದರೂ ಪ್ರಾಸ ಕೇಳಿಸುತ್ತಿಲ್ಲ. ಯಾಕೆ ಅಂತ ಬಸ್ಸಿನಲ್ಲಿ ಕೂತು ಯೋಚಿಸಿದಾಗ ಗೊತ್ತಾಯಿತು. ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬರುತ್ತದೆ. ದೊಡ್ಡವರು ಮಾಡಿದ್ದನ್ನು ಹೇಳಿದರೆ ಆ ಕ್ರಿಯಾಪದದ ಬಾಲದಲ್ಲಿ "ರು" ಇದ್ದೇ ಇರುತ್ತದೆ. ಬಂದರು, ಹೋದರು, ತಿಂದರು, ಮಲಗಿದರು. ನಾವು ದಿನವಿಡೀ ಮಾತಾಡುವುದೇ ಹಾಗೆ. ಸುಮ್ನೆ ಮಾತಾಡಿದರೂ ಸಿಗುವ ಪ್ರಾಸಕ್ಕೆ ಯಾರ ಕಿವಿಯೂ ನಿಮಿರುವುದಿಲ್ಲ. "ಇದ್ದರು", "ಇಟ್ಟರು" ಇವುಗಳಲ್ಲಿ ಹೊಂದುವುದು ಬಾಲ ಮಾತ್ರ, ಮೈ ಬೇರೆ ಬೇರೆ.

ಹಳಗನ್ನಡ, ನಡುಗನ್ನಡದ ಕವಿಗಳು ಪ್ರಾಸವನ್ನು ಸಾಲಿನ ಆರಂಭದಲ್ಲಿ, ಎರಡನೇ ಅಕ್ಷರದಲ್ಲಿ ಇಟ್ಟದ್ದು ಇದಕ್ಕೂ ಇರಬಹುದೇನೋ, ಇದು ನನ್ನ ಊಹೆ ಅಷ್ಟೇ. ನಮಗೆ ಮಾತ್ರ ಕೊನೆಯ ಪ್ರಾಸವೇ ಬೇಕಿತ್ತು. ಹಾಗಾಗಿ ಒಂದು ನಿಯಮ ಮಾಡಿಕೊಂಡೆ. ಸಾಲಿನ ಕೊನೆಯ ಪದ ಪೂರ್ತಿಯಾಗಿ, ಮೊದಲ ಅಕ್ಷರವನ್ನು ಬಿಟ್ಟು ಉಳಿದದ್ದಾದರೂ, ಹೊಂದಬೇಕು. ಬೆಲ್ಲ, ಎಲ್ಲ, ಇಲ್ಲ. ಮಾವ, ಜಾವ. ಹತ್ತಿ, ಸುತ್ತಿ. ಪ್ರತ್ಯಯದಿಂದ ಹುಟ್ಟಿದ ಪ್ರಾಸಕ್ಕೆ ಲೆಕ್ಕವಿಲ್ಲ.

ಏಕವಚನ ಮಾಡಿಕೊಂಡರೆ ಸುಲಭ ಆಗುತ್ತದೆ ಅಂತ ಒಂದು ದಿನ ಅನ್ನಿಸಿತು. "ಮಾವ ಬಂದ, ಮಾವ ಹೋದ" ಅಂತ. ಅಮ್ಮನಿಗೆ ಫೋನಿನಲ್ಲಿ ಓದಿ ಹೇಳಿದೆ. "ಅಜ್ಜಿ ಮುಂದೆ, ಅವರ ಮಗನಿಗೆ, ಹೋದ ಬಂದ ಅಂತ ಮಕ್ಕಳ ಕೈಲಿ ಹೇಳಿಸ್ತೀಯಾ?" ಅಂದಳು ಅಮ್ಮ. ಅಲ್ಲಿಗೆ ಅದು ಮುಗಿಯಿತು. ಗೇಲಿ ಮಾಡಬಹುದು, ಮರ್ಯಾದೆ ಕೊಟ್ಟು ಮಾಡಬೇಕು. ಆಮೇಲೆ ಅನ್ನಿಸಿತು, ಹಾಗೆ ಮಾಡಿದರೇ ನಗು ಜಾಸ್ತಿ. "ಕೊಂಡರು", "ಹೊರಟರು" ಅಂತ ಗಂಭೀರವಾಗಿ ಹೇಳಿ, ಆಮೇಲೆ ಅವರು ಮಾಡಿದ ಎಡವಟ್ಟು ಹೇಳಿದರೆ ಅದರ ರುಚಿಯೇ ಬೇರೆ.

ಮುಂದಿನ ತೊಂದರೆ ಲಯ. ನನ್ನ ಮೊದಲ ಪದ್ಯವನ್ನು ತಮ್ಮನ ಮಗಳ ಕೈಗೆ ಕೊಟ್ಟು ಓದು ಅಂದೆ. ಒಂಬತ್ತು ವರ್ಷದ ಹುಡುಗಿ. ಎರಡನೇ ಸಾಲಿನಲ್ಲೇ ಎಡವಿದಳು. ನಾನು ಓದಿದರೆ ಸರಿಯಾಗೇ ಇತ್ತು. ಬರೆದವರು ಓದಿದರೆ ಯಾವ ಸಾಲೂ ಸರಿಯಾಗೇ ಇರುತ್ತದೆ, ಯಾಕೆಂದರೆ ಎಲ್ಲಿ ಎಳೆಯಬೇಕು, ಎಲ್ಲಿ ನುಂಗಬೇಕು ಅಂತ ನಮಗೆ ಮೊದಲೇ ಗೊತ್ತು. ಮಗುವಿಗೆ ಗೊತ್ತಿಲ್ಲ. ಅಂದಿನಿಂದ ಅವಳೇ ನನ್ನ ತಕ್ಕಡಿ. ಅವಳು ಎಲ್ಲಿ ನಿಂತಳೋ ಅಲ್ಲಿ ಪೆನ್ಸಿಲ್ ಗೀಟು.

ಆಮೇಲೆ ಶಾಲೆಯಲ್ಲಿ ಕಲಿತ ಮಾತ್ರೆ ಲೆಕ್ಕ ತೆಗೆದೆ. ಹ್ರಸ್ವಕ್ಕೆ ಒಂದು, ದೀರ್ಘಕ್ಕೆ ಎರಡು. ಒತ್ತಕ್ಷರದ ಹಿಂದಿನ ಅಕ್ಷರಕ್ಕೆ ಎರಡು, ಸೊನ್ನೆ ಇರುವ ಅಕ್ಷರಕ್ಕೂ ಎರಡು. ಹತ್ತನೇ ತರಗತಿಯಲ್ಲಿ ಮೂರು ಅಂಕಕ್ಕೋಸ್ಕರ ಕಲಿತದ್ದು, ಇಷ್ಟು ವರ್ಷ ಆದಮೇಲೆ ಮಾವನಿಗೋಸ್ಕರ ಬೇಕಾಯಿತು.

ಇಂಗ್ಲಿಷ್ ಲಿಮರಿಕ್ಕನ್ನು ಚಪ್ಪಾಳೆ ತಟ್ಟಿಕೊಂಡು ಹೇಳಿದರೆ ಉದ್ದದ ಸಾಲಿಗೆ ಮೂರು ಪೆಟ್ಟು ಬೀಳುತ್ತವೆ, ನಾಲ್ಕನೆಯದು ಉಸಿರು ತೆಗೆದುಕೊಳ್ಳುವ ಖಾಲಿ ಪೆಟ್ಟು. ಗಿಡ್ಡ ಸಾಲಿಗೆ ಎರಡೆರಡು. ನಾನು ಕನ್ನಡದಲ್ಲಿ ನಾಲ್ಕು ಮಾತ್ರೆಗೆ ಒಂದು ಚಪ್ಪಾಳೆ ಇಟ್ಟುಕೊಂಡೆ. ಉದ್ದದ ಸಾಲಿಗೆ ನಾಲ್ಕು ಚಪ್ಪಾಳೆ, ಗಿಡ್ಡದಕ್ಕೆ ಎರಡು. ಕೊನೆಯ ಚಪ್ಪಾಳೆಯಲ್ಲಿ ಮೂರೇ ಮಾತ್ರೆ, ಒಂದು ಮಾತ್ರೆ ಖಾಲಿ. ಆ ಖಾಲಿಯಲ್ಲಿ ಮಗು ಉಸಿರು ತೆಗೆದುಕೊಳ್ಳುತ್ತದೆ.

ಹೀಗೆ ತಟ್ಟುತ್ತಾ ಇದ್ದಾಗ ಒಂದು ವಿಷಯ ಹೊಳೆಯಿತು. ಗಿಡ್ಡ ಸಾಲು ಎರಡೂ ಸೇರಿದರೆ ನಾಲ್ಕು ಚಪ್ಪಾಳೆ, ಅಂದರೆ ಒಂದು ಉದ್ದದ ಸಾಲಿನಷ್ಟೇ ಹೊತ್ತು. ಹಾಗಾದರೆ ಹೊತ್ತಿನ ಲೆಕ್ಕದಲ್ಲಿ ಇದು ನಾಲ್ಕೇ ಸಾಲು. ದಿನಕರ ದೇಸಾಯಿಯವರಿಂದ ಮನೆಮನೆಗೆ ಬಂದ ನಮ್ಮ ನಾಲ್ಕು ಸಾಲಿನ ಚುಟುಕ ಇದೆಯಲ್ಲ, ಅದರ ಮೂರನೇ ಸಾಲನ್ನು ನಡುವೆ ಮುರಿದು, ಎರಡು ತುಂಡಿಗೂ ಒಂದು ಪ್ರಾಸ ಕಟ್ಟಿದ ಹಾಗೆ. ಮುರಿದಿದ್ದರಿಂದ ಪ್ರಾಸ ಬೇಗ ಬೇಗ ಬೀಳುತ್ತದೆ, ಪದ್ಯ ಓಡಿದ ಹಾಗೆ ಕೇಳಿಸುತ್ತದೆ. ಓಡಿ ಬಂದು ಐದನೇ ಸಾಲಿಗೆ ಎಡವಿ ಬೀಳಬೇಕು. ನಗು ಬರುವುದು ಆ ಬೀಳುವುದರಲ್ಲಿ. ಚುಟುಕ ಬರೆದ ಕೈಗೆ ಇದು ಗೊತ್ತಾದ ಮೇಲೆ ಭಯ ಹೋಯಿತು.

ಲೆಕ್ಕ ಹಿಡಿದು ಕನ್ನಡಕದ ಪದ್ಯವನ್ನೇ ಮತ್ತೆ ಬರೆದೆ:

ಕನ್ನಡಕೆಲ್ಲಿದೆ ಎಂದರು ಮಾವ,
ಹುಡುಕಲು ಹೊರಟೆವು ಬೆಳಗಿನ ಜಾವ,
ಮಂಚದ ಕೆಳಗೆ
ಪೆಟ್ಟಿಗೆಯೊಳಗೆ,
ತಲೆಯನು ಮುಟ್ಟಿದರಾಗಲೆ ಮಾವ!

ಹುಡುಗಿ ಒಂದೇ ಉಸಿರಿಗೆ ಓದಿದಳು. ಎಲ್ಲೂ ಎಡವಲಿಲ್ಲ. ನಗಲೂ ಇಲ್ಲ. "ತಲೆ ಮೇಲಿದೆ ಅಂತ ಮೊದಲೇ ಗೊತ್ತಿತ್ತಲ್ಲ" ಅಂದಳು. ಸರಿಯಾದ ಮಾತು. ಕನ್ನಡಕ ಹುಡುಕುವ ಅಜ್ಜಂದಿರು ಊರಿಗೆಲ್ಲ ಇದ್ದಾರೆ, ಕನ್ನಡಕ ಅಂದ ಕೂಡಲೇ ತಲೆ ನೆನಪಾಗುತ್ತದೆ. ಜೋಕು ಮೊದಲ ಸಾಲಿನಲ್ಲೇ ಒಡೆದುಹೋಗಿದೆ. ಇನ್ನೊಂದು ಕಳ್ಳತನವೂ ಇತ್ತು. ಆ "ಬೆಳಗಿನ ಜಾವ" ಯಾಕೆ ಬಂತು? ಮಾವನಿಗೆ ಪ್ರಾಸ ಬೇಕಿತ್ತು, ಅದಕ್ಕೇ ಬಂತು. ಕನ್ನಡಕವನ್ನು ಮಧ್ಯಾಹ್ನ ಹುಡುಕಿದರೂ ಕತೆ ಅದೇ. ಐದು ಸಾಲಿನಲ್ಲಿ ಇಂಥ ಒಂದು ಬಾಡಿಗೆ ಪದ ಇದ್ದರೂ ಕೇಳುವವರಿಗೆ ಗೊತ್ತಾಗಿಬಿಡುತ್ತದೆ. ಮಾತ್ರೆ ಸರಿಯಾದರೆ ಪದ್ಯ ನಿಲ್ಲುತ್ತದೆ ಅಷ್ಟೇ, ನಗಿಸುವುದಕ್ಕೆ ನಮ್ಮ ಮಾವನಿಗೆ ಮಾತ್ರ ಆಗಿದ್ದ ಒಂದು ಘಟನೆ ಬೇಕಿತ್ತು.

ಹುಡುಕಿದರೆ ಘಟನೆಗಳಿಗೆ ಬರ ಇಲ್ಲ. ಆದರೆ ಒಂದನ್ನು ಬರೆದು ಹರಿದು ಹಾಕಿದೆ. ಮಾವ ಒಮ್ಮೆ ತಂಗಿಯ ಮಗನನ್ನು ಬೇರೆ ಹೆಸರಿನಿಂದ ಕರೆದು, ಅರ್ಧ ಗಂಟೆ ಮಾತಾಡಿಸಿ ಕಳಿಸಿದ್ದರು. ಲಯವೂ ಕೂತಿತ್ತು, ಪ್ರಾಸವೂ. ಅಮ್ಮನಿಗೆ ಓದಿದಾಗ ಆ ಕಡೆಯಿಂದ ಏನೂ ಸದ್ದಿಲ್ಲ. ತಾತ ಕೊನೆಯ ಎರಡು ವರ್ಷ ನಮ್ಮ ಯಾರ ಹೆಸರನ್ನೂ ಹೇಳುತ್ತಿರಲಿಲ್ಲ. ಅಜ್ಜಿಯನ್ನೇ "ನೀವು ಯಾರ ಮನೆಯವರು" ಅಂತ ಕೇಳುತ್ತಿದ್ದರು. ಅದು ಕಾಯಿಲೆ. ಮಾವನದ್ದು ಹಾಗಲ್ಲ, ಅವರು ಇಪ್ಪತ್ತೈದನೇ ವಯಸ್ಸಿನಿಂದಲೂ ಹೀಗೇ. ಆದರೂ ಅಜ್ಜಿ ಮುಂದಿನ ಸಾಲಿನಲ್ಲಿ ಕೂತಿರುತ್ತಾರೆ. ವಸ್ತು ಮರೆತದ್ದನ್ನು ಆಡಿಕೊಳ್ಳಬಹುದು, ದಾರಿ ಮರೆತದ್ದನ್ನು ಆಡಿಕೊಳ್ಳಬಹುದು, ಮುಖ ಮತ್ತು ಹೆಸರು ಬೇಡ ಅಂತ ಅವತ್ತು ತೀರ್ಮಾನ ಮಾಡಿದೆ.

ಕೊನೆಗೆ ಅತ್ತೆಯನ್ನೇ ಕೇಳಿದೆ. ಮಾವನಿಗೆ ಗೊತ್ತಾಗಬಾರದು ಅಂತ ಅವರು ತೋಟಕ್ಕೆ ಹೋದ ಹೊತ್ತಿಗೆ ಫೋನ್ ಮಾಡಿದೆ. "ಅತ್ತೆ, ಮಾವ ಮರೆತದ್ದರಲ್ಲಿ ನಿಮಗೆ ಯಾವುದು ಮರೆಯೋಕೆ ಆಗಿಲ್ಲ?"

"ನನ್ನನ್ನೇ ಮರೆತು ಬಂದದ್ದು" ಅಂದರು ಅತ್ತೆ.

ಈ ಕತೆಯನ್ನು ಅರೆಬರೆ ಕೇಳಿದ್ದೆ, ಪೂರ್ತಿ ಕೇಳಿರಲಿಲ್ಲ. ಇಪ್ಪತ್ತು ವರ್ಷದ ಹಿಂದೆ ಇಬ್ಬರೂ ಸ್ಕೂಟರಿನಲ್ಲಿ ಸಂತೆಗೆ ಹೋಗಿದ್ದಾರೆ. ಹಬ್ಬಕ್ಕೆ ಬೆಲ್ಲ ಬೇಕಿತ್ತು. ಬೆಲ್ಲ ತೂಗಿಸಿ ಮಾವ ಚೀಲವನ್ನು ಸ್ಕೂಟರಿನ ಹಿಂದಿನ ಸೀಟಿಗೆ ತಂದು ಇಟ್ಟಿದ್ದಾರೆ. "ಒಂದು ನಿಮಿಷ, ಸೊಪ್ಪು ತಗೊಂಡು ಬರ್ತೀನಿ" ಅಂತ ಅತ್ತೆ ಹೋಗಿದ್ದಾರೆ. ಮಾವ "ಹೂಂ" ಅಂದು, ಸ್ಕೂಟರು ಹತ್ತಿ, ಒದ್ದು, ಹೊರಟೇಬಿಟ್ಟರು. ಹಿಂದಿನ ಸೀಟಿನಲ್ಲಿ ಭಾರ ಇತ್ತಲ್ಲ. ಆ ಭಾರ ಬೆನ್ನಿಗೂ ತಗುಲುತ್ತಿತ್ತು. ಅತ್ತೆ ಇದ್ದಾರೆ ಅಂತಲೇ ಅವರ ಲೆಕ್ಕ. ದಾರಿಯಲ್ಲಿ ಒಬ್ಬರ ಮನೆಗೆ ದುಡ್ಡು ಕೊಡುವುದಿತ್ತು, ಅದನ್ನೂ ಕೊಟ್ಟು, ಊರೆಲ್ಲ ಸುತ್ತಿಕೊಂಡು ಮನೆಗೆ ಬಂದರು. ಅಷ್ಟರಲ್ಲಿ ಅತ್ತೆ ಆಟೋ ಹಿಡಿದು ಬಂದು ಜಗಲಿ ಮೇಲೆ ಕೂತಿದ್ದರು. ಮಾವ ಅವರನ್ನು ನೋಡಿ, ತಿರುಗಿ ಸೀಟು ನೋಡಿ, ಹೇಳಿದ ಮೊದಲ ಮಾತು: "ಅದಕ್ಕೇ ನೀನು ದಾರಿಯುದ್ದಕ್ಕೂ ಹೂಂ ಅನ್ನಲಿಲ್ಲ!"

ಫೋನಿನ ಎರಡೂ ಕಡೆ ನಕ್ಕಿದ್ದೇ ನಕ್ಕಿದ್ದು. "ಬರೀಲಾ ಅತ್ತೆ? ನಿಮ್ಮನ್ನೂ ಎಳೀಬೇಕಾಗುತ್ತೆ" ಅಂತ ಕೇಳಿದೆ. "ಬರಿ ಬರಿ, ಒಂದು ಸಲ ಆದ್ರೂ ಅವರಿಗೆ ಎಲ್ಲರ ಮುಂದೆ ಆಗ್ಲಿ" ಅಂದರು.

ಆ ಕತೆಯಲ್ಲಿ ಸಾಮಾನು ಜಾಸ್ತಿ. ಸೊಪ್ಪು, ಸಾಲ, ಆಟೋ, ಜಗಲಿ, ಆ ಕೊನೆಯ ಮಾತು. ಐದು ಸಾಲಿಗೆ ಹಿಡಿಸುವುದು ಇಷ್ಟೇ: ಸಂತೆ, ಬೆಲ್ಲ, ಸ್ಕೂಟರು, ಖಾಲಿ ಸೀಟು. ಉಳಿದದ್ದನ್ನು ಸ್ಕಿಟ್ಟಿಗೆ ಬಿಟ್ಟೆ. "ಹೂಂ ಅನ್ನಲಿಲ್ಲ" ಅನ್ನುವ ಮಾತನ್ನು ಬಿಡಲು ಹೊಟ್ಟೆ ಉರಿಯಿತು, ಆದರೆ ಅದು ನಾಟಕದ ಮಾತು, ಮಾವನ ಪಾತ್ರದವನೇ ಹೇಳಬೇಕು.

ಇಂಥ ಪದ್ಯವನ್ನು ಕೆಳಗಿನಿಂದ ಮೇಲಕ್ಕೆ ಬರೆಯಬೇಕು ಅಂತ ಇಲ್ಲಿ ಗೊತ್ತಾಯಿತು. ಮೊದಲು ಕೊನೆಯ ಪದ ಯಾವುದು ಅಂತ ನೋಡಿದೆ. ನಗುವಿನ ಗುಂಡಿ ಸಾಲಿನ ಕೊನೆಗೇ ಇರಬೇಕು. "ಅತ್ತೆಯ ಮರೆತರು ಮಾವ" ಅಂತ ಬರೆದರೆ ಗುಟ್ಟು ನಡುವಿನ "ಅತ್ತೆ"ಯಲ್ಲೇ ಹೊರಗೆ ಬಿತ್ತು, "ಮರೆತರು ಮಾವ" ಬರೀ ಬಾಲ. ಜನ ನಗುವ ಹೊತ್ತಿಗೆ ಮಕ್ಕಳು ಇನ್ನೂ ಹೇಳುತ್ತಲೇ ಇರುತ್ತಾರೆ. ಕನ್ನಡದಲ್ಲಿ ಕೊನೆಗೆ ಬಂದು ಇಡೀ ವಾಕ್ಯವನ್ನೇ ತಲೆಕೆಳಗು ಮಾಡುವ ಪದ ಒಂದಿದೆ: ಇಲ್ಲ. ಅದು ಬರುವವರೆಗೂ ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಅದಕ್ಕೆ ಪ್ರಾಸವೂ ಧಾರಾಳ. ಬೆಲ್ಲ ಅಂತೂ ಕತೆಯಲ್ಲೇ ಇತ್ತು! ಬಾಡಿಗೆ ಪದ ಬೇಕಾಗಲಿಲ್ಲ.

ಮೊದಲ ಸಾಲಿಗೂ "ಇಲ್ಲ" ಇಡೋಣ ಅನ್ನಿಸಿತು. ಲಿಯರ್ ಕೂಡ ಎಷ್ಟೋ ಪದ್ಯಗಳಲ್ಲಿ ಮೊದಲ ಸಾಲಿನ ಕೊನೆಯ ಪದವನ್ನೇ ಐದನೇ ಸಾಲಿನಲ್ಲಿ ಮತ್ತೆ ತರುತ್ತಾರೆ. ಸುಮ್ಮನೆ ತಂದರೆ ಪದ್ಯ ಸಪ್ಪೆಯಾಗುತ್ತದೆ. ಎರಡನೇ ಸಲ ಬರುವಾಗ ಆ ಪದಕ್ಕೆ ಬೇರೆ ಕೆಲಸ ಇದ್ದರೆ ಸರಿ. ಮಾವನಿಗೆ ಮರೆವೇ ಇಲ್ಲ ಅಂತ ಶುರು ಮಾಡಿದರೆ? ಮನೆಯವರೆಲ್ಲ ಅಲ್ಲೇ ಕಿಸಕ್ ಅನ್ನುತ್ತಾರೆ.

ಬರೆದೆ: "ನಮ್ಮ ಮಾವನಿಗೆ ಮರೆವೇ ಇಲ್ಲ." ಹುಡುಗಿ ಎರಡನೇ ಪದಕ್ಕೇ ಎಡವಿದಳು. ಎಣಿಸಿದೆ. "ನಮ್ಮ" ಮೂರು, "ಮಾವನಿಗೆ" ಐದು, ಒಟ್ಟು ಎಂಟು. ಎರಡು ಚಪ್ಪಾಳೆಗೆ ಎಂಟು ಸರಿಯೇ. ಮತ್ತೆ ತಟ್ಟಿದೆ, ಮತ್ತೆ ಎಣಿಸಿದೆ. ಆಗ ಕಂಡಿತು. ಎರಡನೇ ಚಪ್ಪಾಳೆ "ಮಾ" ಅನ್ನುವ ದೀರ್ಘದ ಹೊಟ್ಟೆಯ ನಡುವೆ ಬೀಳುತ್ತಿದೆ. ಅರ್ಧ "ಮಾ" ಈ ಕಡೆ, ಅರ್ಧ ಆ ಕಡೆ. ಮೊತ್ತ ಎಂಟಾದರೆ ಸಾಲದು, ನಾಲ್ಕಕ್ಕೆ ಪದದ ಅಕ್ಷರ ಮುರಿಯದೆ ನಿಲ್ಲಬೇಕು. "ನಮ್ಮಯ ಮಾವಗೆ" ಅಂದರೆ ಅದೂ ಎಂಟೇ, ಆದರೆ ನಾಲ್ಕು, ನಾಲ್ಕು. ನ ಎರಡು, ಮ್ಮ ಒಂದು, ಯ ಒಂದು. ಮಾ ಎರಡು, ವ ಒಂದು, ಗೆ ಒಂದು. "ನಮ್ಮಯ" ಅನ್ನುವುದು ಶಾಲೆಯ ಹಾಡಿನ ಪದ, ಮನೆಯಲ್ಲಿ ಯಾರೂ ಹಾಗೆ ಅನ್ನುವುದಿಲ್ಲ. ನನಗೆ ಈಗಲೂ ಅದು ಪೂರ್ತಿ ಇಷ್ಟವಿಲ್ಲ. ಹೇಳುವವರು ಮಕ್ಕಳಾದ್ದರಿಂದ ನಡೆಯಿತು.

ಎರಡನೇ ಸಾಲಿಗೆ "ಸಂತೆಲಿ ಕೊಂಡರು ಕೊಬ್ಬರಿ ಬೆಲ್ಲ" ಅಂತ ತಾನಾಗೇ ಬಂತು. ಕೊಂಡರು, ಕೊಬ್ಬರಿ. ಕಿವಿಗೆ ಎಷ್ಟು ಚೆನ್ನಾಗಿತ್ತು! ಅತ್ತೆಗೆ ಓದಿದೆ. ಅವರು ತಡೆದರು. "ಅಲ್ಲ ಕಣೇ, ಇಡೀ ಅರಸೀಕೆರೆ, ತಿಪಟೂರಿನವರು ಕೊಬ್ಬರಿ ಮಾರೋರು. ನಮ್ಮ ಮನೆ ಅಟ್ಟದ ತುಂಬಾ ಕೊಬ್ಬರಿ ಇಟ್ಕೊಂಡು ಸಂತೇಲಿ ಯಾರು ಕೊಳ್ತಾರೆ? ನೆಂಟರೆಲ್ಲ ಅಲ್ಲೇ ಆಡ್ಕೋತಾರೆ." ನಿಜ. ಬೆಂಗಳೂರಿನಲ್ಲಿ ಕೂತು ಬರೆದರೆ ಹೀಗಾಗುತ್ತದೆ. ಕೇಳುವವರಿಗೆ ಕತೆಯ ಒಂದು ಸಣ್ಣ ವಿವರ ಸುಳ್ಳು ಅನ್ನಿಸಿದರೂ ಅವರು ಅದನ್ನು ಹಿಡಿದುಕೊಂಡು ಕೂರುತ್ತಾರೆ, ಮುಂದಿನದ್ದು ಕಿವಿಗೆ ಹೋಗುವುದಿಲ್ಲ. "ಯಾವ ಬೆಲ್ಲ ಅತ್ತೆ?" ಅಂದೆ. "ಅಚ್ಚು ಬೆಲ್ಲ." ಅಚ್ಚಿನ ಬೆಲ್ಲ. ಅ ಎರಡು, ಚ್ಚಿ ಒಂದು, ನ ಒಂದು. ನಾಲ್ಕು. ಕೊಬ್ಬರಿಯ ಜಾಗದಲ್ಲಿ ಸರಿಯಾಗಿ ಕೂತಿತು.

ಗಿಡ್ಡ ಸಾಲುಗಳಿಗೆ ಕಷ್ಟಪಡಲಿಲ್ಲ. ಸ್ಕೂಟರು ಹತ್ತಿ, ಊರನು ಸುತ್ತಿ. ಕೊನೆಗೆ "ಮನೆಯಲಿ ನೋಡಲು ಅತ್ತೆಯೆ ಇಲ್ಲ!" ಆಯ್ತು ಅಂತ ಕುಣಿದೆ. ಹಿಂದಿನ ಭಾನುವಾರ ಊರಿಗೆ ಹೋದಾಗ ಅಜ್ಜಿಗೆ ಮಾತ್ರ ಗುಟ್ಟಾಗಿ ಹೇಳಿ ತೋರಿಸಿದೆ. ಅಜ್ಜಿ ನಾಲ್ಕು ಸಾಲಿಗೆ ನಕ್ಕರು, ಐದನೆಯದಕ್ಕೆ ಮುಖ ಗಂಟಿಕ್ಕಿದರು. "ಅತ್ತೆ ಇಲ್ಲ ಅಂತೀಯಲ್ಲೇ? ಮುತ್ತೈದೆ ಅವಳು. ನಾವು ಅಕ್ಕಿ ಮುಗಿದ್ರೂ ಇಲ್ಲ ಅನ್ನಲ್ಲ, ತುಂಬಿದೆ ಅಂತೀವಿ."

ನನಗೆ ಇದು ಹೊಳೆದೇ ಇರಲಿಲ್ಲ. "ಮನೆಯಲಿ ಅತ್ತೆಯೆ ಇಲ್ಲ" ಅಂದರೆ ತೀರಿಕೊಂಡರು ಅಂತಲೂ ಅರ್ಥ ಬರುತ್ತದೆ. ಎಪ್ಪತ್ತು ದಾಟಿದ ಕಿವಿಗಳಿಗೆ ಅದೇ ಮೊದಲು ಕೇಳಿಸುತ್ತದೆ. ನನ್ನ ಆ ಒಳ್ಳೆಯ ಪದವೇ ಈಗ ತೊಂದರೆ ಮಾಡಿತ್ತು. ಬಿಡುವ ಮನಸ್ಸಿಲ್ಲ. "ಎಲ್ಲಿ ಇಲ್ಲ ಅಂತ ಹೇಳಿದ್ರೆ?" ಅಂತ ಕೇಳಿದೆ. "ಸೀಟಲ್ಲಿ ಇಲ್ಲ ಅಂದ್ರೆ ಪರವಾಗಿಲ್ಲ" ಅಂದರು ಅಜ್ಜಿ. ಅದನ್ನೇ ಹಾಕಿದೆ. ಹಾಕಿದ ಮೇಲೆ ಸಾಲು ಮೊದಲಿಗಿಂತ ಚೆನ್ನಾಯಿತು. "ಮನೆಯಲಿ ನೋಡಲು" ಅನ್ನುವುದು ಮಬ್ಬಾಗಿತ್ತು, ಸೀಟು ಕಣ್ಣಿಗೆ ಕಾಣುತ್ತದೆ.

ನಮ್ಮಯ ಮಾವಗೆ ಮರೆವೇ ಇಲ್ಲ,
ಸಂತೆಲಿ ಕೊಂಡರು ಅಚ್ಚಿನ ಬೆಲ್ಲ,
ಸ್ಕೂಟರು ಹತ್ತಿ
ಊರನು ಸುತ್ತಿ
ಬಂದರೆ, ಸೀಟಲಿ ಅತ್ತೆಯೆ ಇಲ್ಲ!

ತಾಲೀಮು ಇಡೀ ಎರಡು ಸಂಜೆ ನಡೆಯಿತು. ಎರಡು ಪ್ಲಾಸ್ಟಿಕ್ ಕುರ್ಚಿ ಒಂದರ ಹಿಂದೊಂದು ಇಟ್ಟರೆ ಸ್ಕೂಟರು. ಹಿಂದಿನದರ ಮೇಲೆ ಗೋಣಿಚೀಲ. ಪದ್ಯ ಹೇಳುವವರು ನಾಲ್ಕು ಮಕ್ಕಳು. ಮೊದಲ ಎರಡು ಸಾಲು ಎಲ್ಲರೂ ಸೇರಿ, ಗಿಡ್ಡ ಸಾಲು ಒಬ್ಬೊಬ್ಬರು ಒಂದೊಂದು, ಕೊನೆಯದು ತಮ್ಮನ ಮಗಳು ಒಬ್ಬಳೇ. ಅವಳು "ಅತ್ತೆಯೇ ಇಲ್ಲ" ಅಂತ ಕಿರುಚುತ್ತಿದ್ದಳು. ಕಿರುಚಿದರೆ ನಗು ಬರುತ್ತಿರಲಿಲ್ಲ, ಗಾಬರಿ ಆಗುತ್ತಿತ್ತು. "ಬಂದರೆ" ಅಂತ ಹೇಳಿ ನಿಲ್ಲು, ಒಂದು ಪೂರ್ತಿ ಚಪ್ಪಾಳೆ ಖಾಲಿ ಬಿಡು, ಹಿಂದೆ ತಿರುಗಿ ಕುರ್ಚಿ ನೋಡು, ಆಮೇಲೆ ಪಕ್ಕದವರಿಗೆ ಗುಟ್ಟು ಹೇಳೋ ಹಾಗೆ ಉಳಿದದ್ದು ಹೇಳು ಅಂದೆ. ಲೆಕ್ಕದ ಪ್ರಕಾರ ಆ ಖಾಲಿ ತಪ್ಪು. ಆದರೆ ನಾಲ್ಕು ಸಾಲು ಕೈ ತಟ್ಟುತ್ತಾ ಬಂದ ಮೇಲೆ ಒಂದು ಸಲ ತಟ್ಟದೆ ನಿಂತರೆ ಎಲ್ಲರ ತಲೆಯೂ ಆ ಕಡೆ ತಿರುಗುತ್ತದೆ.

ಮಾವನನ್ನೇ ವೇದಿಕೆಗೆ ಕರೆದು ಕೊನೆಯ ಸಾಲು ಹೇಳಿಸೋಣ, ಅವರು ಮರೀತಾರೆ, ಎಲ್ಲರೂ ನಗ್ತಾರೆ ಅಂತ ಯಾರೋ ಗ್ರೂಪಿನಲ್ಲಿ ಹಾಕಿದ್ದರು. ಎಲ್ಲರಿಗೂ ಹೊಳೆಯುವ ಐಡಿಯಾ ಅದು. ಬೇಡ ಅಂದೆ. ಅವರು ಮರೆಯದೇ ಹೇಳಿಬಿಟ್ಟರೆ ಏನು ಮಾಡುವುದು?

ಆ ದಿನ ಅಂಗಳದಲ್ಲಿ ಶಾಮಿಯಾನ, ಕೆಳಗೆ ನಲವತ್ತಕ್ಕೂ ಹೆಚ್ಚು ಜನ. ಮಾವ ಅಜ್ಜಿ ಪಕ್ಕದಲ್ಲೇ ಕೂತಿದ್ದರು. ಮಕ್ಕಳು ಗಂಭೀರವಾಗಿ "ನಮ್ಮಯ ಮಾವಗೆ ಮರೆವೇ ಇಲ್ಲ" ಅಂದದ್ದೇ ತಡ, ನಗು ಎಷ್ಟು ಜೋರಾಗಿ ಬಂತೆಂದರೆ ಎರಡನೇ ಸಾಲು ಯಾರಿಗೂ ಕೇಳಿಸಲೇ ಇಲ್ಲ. ಬೆಲ್ಲ ಹೋದರೆ ಇಲ್ಲಕ್ಕೆ ಜೋಡಿ ಹೋಯಿತು. ಮೊದಲ ಸಾಲಿನ ನಗುವಿಗೆ ನಾನು ಜಾಗವೇ ಬಿಟ್ಟಿರಲಿಲ್ಲ. ಪಕ್ಕದಿಂದ ಕೈಸನ್ನೆ ಮಾಡಿದೆ, ಮಕ್ಕಳು ಜಾಣರು, ಸದ್ದು ಇಳಿಯುವವರೆಗೂ ಸುಮ್ಮನೆ ಚಪ್ಪಾಳೆ ತಟ್ಟುತ್ತಾ ಇದ್ದು ಎರಡನೇ ಸಾಲನ್ನು ಮತ್ತೆ ಹೇಳಿದರು. ಆಮೇಲೆ ಹತ್ತಿ, ಸುತ್ತಿ. ಹುಡುಗಿ "ಬಂದರೆ" ಅಂದು ನಿಂತಳು. ತಿರುಗಿದಳು. ಆ ಖಾಲಿಯಲ್ಲಿ ಅತ್ತೆ ಸೆರಗು ಬಾಯಿಗೆ ಹಿಡಿದದ್ದು ನನಗೆ ಕಂಡಿತು. "ಸೀಟಲಿ ಅತ್ತೆಯೆ ಇಲ್ಲ."

ಶಾಮಿಯಾನ ಹಾರಿಹೋಗುವಷ್ಟು ನಗು. ಅಜ್ಜಿಯಂತೂ ಮಗನ ತೊಡೆಗೆ ಹೊಡೆದು ನಗುತ್ತಿದ್ದರು. ಮಾವ ಮಾತ್ರ ನಗಲಿಲ್ಲ. ಕೈ ಎತ್ತಿದರು. ಬೇಜಾರಾಯಿತೇನೋ ಅಂತ ನನ್ನ ಎದೆ ಧಸಕ್ ಅಂತು.

"ಅಚ್ಚು ಬೆಲ್ಲ ಅಲ್ಲ" ಅಂದರು ಮಾವ. "ಉಂಡೆ ಬೆಲ್ಲ. ಹತ್ತು ಕೆಜಿ."

ಅತ್ತೆ ಅಲ್ಲಿಂದಲೇ ಕೂಗಿದರು. "ರೀ, ಅಚ್ಚು ಬೆಲ್ಲನೇ. ನಂಗೆ ಚೆನ್ನಾಗಿ ಗೊತ್ತು."

"ನಿಂಗೆ ಹೇಗೆ ಗೊತ್ತಾಗುತ್ತೆ? ತೂಗಿಸಿ, ಚೀಲಕ್ಕೆ ಹಾಕಿ, ಸೀಟಲ್ಲಿ ಇಟ್ಟಿದ್ದು ನಾನು. ನೀನೆಲ್ಲಿದ್ದೆ?"

ನಮ್ಮ ಪದ್ಯಕ್ಕೆ ಬಂದದ್ದಕ್ಕಿಂತ ದೊಡ್ಡ ನಗು ಅದಕ್ಕೆ ಬಂತು. ಮೂರನೇ ದೃಶ್ಯ ಶುರು ಮಾಡಲು ಐದು ನಿಮಿಷ ಕಾಯಬೇಕಾಯಿತು. ಅಷ್ಟರಲ್ಲಿ ನಾನು ಪಕ್ಕದಲ್ಲಿ ಕೂತು ಕಾಗದ ತೆಗೆದೆ. ಉಂ ಎರಡು, ಡೆ ಒಂದು, ಯ ಒಂದು. ಉಂಡೆಯ ಬೆಲ್ಲ. ಅಚ್ಚಿನ ಮೇಲೆ ಗೀಟು ಹಾಕಿ, ಅದನ್ನು ಬರೆದೆ.